ಬೆಳಗಿನ ಚಳಿಯಲ್ಲಿ ಎಂಜಿನ್ ತಿಣುಕುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ

ಯಲಹಂಕ_ಸವಾರ (ಸೋಮವಾರ, ಬೆಳಿಗ್ಗೆ 7.40)

ಎರಡು ವಾರದಿಂದ ದಿನವೂ ಇದೇ ಗೋಳು. ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತೇನೆ. ಸೆಲ್ಫ್ ಒತ್ತಿದರೆ ಬೈಕಿನ ಎಂಜಿನ್ ತಿಣುಕಿ ತಿಣುಕಿ ಹತ್ತಿಕೊಳ್ಳುತ್ತದೆ. ಹತ್ತಿಕೊಂಡ ಮೇಲೆ ಹೆಡ್ ಕಡೆಯಿಂದ ಅರ್ಧ ನಿಮಿಷ ಟಿಕ್ ಟಿಕ್ ಸದ್ದು. ಕ್ಲಚ್ ಪೂರ್ತಿ ಹಿಡಿದು ಗೇರ್ ಹಾಕಿದರೂ ಧಡ್ ಎಂದು ಬಿದ್ದು ಗಾಡಿ ಮುಂದಕ್ಕೆ ಜಿಗಿಯುತ್ತದೆ. ಮೊದಲ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹುಡುಕಿ ಕಾಲು ಸೋತುಹೋಗುತ್ತದೆ. ಹೆಬ್ಬಾಳ ಮೇಲ್ಸೇತುವೆ ದಾಟುವಷ್ಟರಲ್ಲಿ ಎಲ್ಲವೂ ಸರಿಯಾಗಿರುತ್ತದೆ, ಗೇರ್ ಬೆಣ್ಣೆಯಂತೆ ಬೀಳುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿಗೆ ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ಅವರಿಗೆ ಏನೂ ಕಾಣಿಸುವುದಿಲ್ಲ. ಯಾರಾದರೂ ಕಾರಣ ಹೇಳಿ, ಸಾಕಾಗಿಹೋಗಿದೆ.

ರಾಜಾಜಿನಗರ_ರಿಪೇರಿ (8.15)

ಟ್ಯಾಪೆಟ್. ಹೆಡ್‌ನಲ್ಲಿ ಟಿಕ್ ಟಿಕ್ ಎಂದರೆ ವಾಲ್ವ್ ತಳ್ಳುವ ಟ್ಯಾಪೆಟ್ ಸಡಿಲವಾಗಿದೆ ಎಂದೇ ಅರ್ಥ. ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಸಂದು ಅಳೆಯುವ ಫೀಲರ್ ಗೇಜ್ ಹಾಕಿ ನೋಡಿಸಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಬನಶಂಕರಿ_125 (8.50)

ಟ್ಯಾಪೆಟ್ ಸಡಿಲವಾದರೆ ನ್ಯೂಟ್ರಲ್ ಏಕೆ ಸಿಗುವುದಿಲ್ಲ ಸರ್? ಸೆಲ್ಫ್ ತಿಣುಕುವುದು ಬ್ಯಾಟರಿ ಇರಬಹುದು. ಕ್ಲಚ್ ಕೇಬಲ್ ಕೂಡ ಒಮ್ಮೆ ನೋಡಿಸಿ.

ರಾಜಾಜಿನಗರ_ರಿಪೇರಿ (9.05)

ನ್ಯೂಟ್ರಲ್ ಬೇರೆ ತೊಂದರೆ. ಮೊದಲು ಟ್ಯಾಪೆಟ್ ಸರಿಮಾಡಿಸಿ, ಆಮೇಲೆ ಮಾತಾಡೋಣ.

ವೈಟ್‌ಫೀಲ್ಡ್_ಪಯಣಿಗ (9.30)

ನನ್ನ ಕಾರಿಗೆ 0W-20 ಪೂರ್ತಿ ಸಿಂಥೆಟಿಕ್ ಎಂಜಿನ್ ಆಯಿಲ್ ಹಾಕುತ್ತೇನೆ. ಡಿಸೆಂಬರ್‌ನಲ್ಲಿ ನಂದಿಬೆಟ್ಟದ ಮೇಲೆ ಬೆಳಿಗ್ಗೆ ಐದಕ್ಕೆ ಸ್ಟಾರ್ಟ್ ಮಾಡಿದರೂ ಸದ್ದೇ ಇರುವುದಿಲ್ಲ. ಕಳೆದ ತಿಂಗಳು ಆಯಿಲ್ ಕೂಲರ್ ಕೂಡ ಹಾಕಿಸಿದೆ, ಚಿತ್ರ ಹಾಕುತ್ತೇನೆ. ನೀವೂ ಅದೇ ಆಯಿಲ್ ಹಾಕಿ ನೋಡಿ.

ಪೀಣ್ಯ_ಲ್ಯಾಬ್ (10.20)

ಕಾರಿನ ಆಯಿಲ್ ಬೈಕಿಗೆ ಬೇಡ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ತೆಳು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸಲು ಸೇರಿಸುವ ವಸ್ತುಗಳಿಂದ ಆ ಪ್ಲೇಟುಗಳು ಜಾರುತ್ತವೆ. ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ಗುಣಮಟ್ಟದ ಗುರುತಾದ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು.

ಸವಾರರೇ, ತಣ್ಣಗಿರುವಾಗ ಮಾತ್ರ ಮೂರು ತೊಂದರೆ, ಬಿಸಿಯಾದ ಮೇಲೆ ಮೂರೂ ಮಾಯ ಎನ್ನುತ್ತೀರಿ. ಸೆಲ್ಫ್, ಹೆಡ್, ಕ್ಲಚ್ ಈ ಮೂರನ್ನೂ ಮುಟ್ಟುವುದು ಒಂದೇ, ಆಯಿಲ್. ಎರಡು ವಾರದ ಹಿಂದೆ ಏನು ಬದಲಾಯಿತು?

ಯಲಹಂಕ_ಸವಾರ (13.10)

ಆಯಿಲ್ ಆಗಲೇ ಬದಲಿಸಿದ್ದೇನಲ್ಲ, ಅದಕ್ಕೇ ಬರೆಯಲಿಲ್ಲ. ಎರಡು ವಾರದ ಹಿಂದೆ ನಾನೇ ಬದಲಿಸಿದೆ. ಮೊದಲು ಕೈಪಿಡಿಯಲ್ಲಿ ಹೇಳಿದ 10W-30 ಇತ್ತು. ಏಪ್ರಿಲ್‌ನಲ್ಲಿ ಸಿಲ್ಕ್ ಬೋರ್ಡ್ ಸಂಚಾರದಲ್ಲಿ ಒಂದು ಗಂಟೆ ಸಿಕ್ಕಿಕೊಂಡಾಗ ಎಂಜಿನ್ ಕಾದು ಒರಟಾಗಿ ಸದ್ದು ಮಾಡಿತ್ತು. ಬೇಸಿಗೆಗೆ ಮೊದಲೇ ದಪ್ಪ ಆಯಿಲ್ ಇರಲಿ ಎಂದು ಜೆ.ಸಿ. ರಸ್ತೆಯಿಂದ 20W-50 ತಂದು ಹಾಕಿದೆ. ಗಾಡಿ 125 ಸಿಸಿ, ಗಾಳಿಯಿಂದ ತಣಿಯುವ ಎಂಜಿನ್, 48,000 ಕಿ.ಮೀ. ಓಡಿದೆ.

ಬನಶಂಕರಿ_125 (13.40)

ಹಾಗಿದ್ದರೆ ಅರ್ಥವಾಯಿತು. 10W-30 ಎಂದರೆ ತಣ್ಣಗಿರುವಾಗ 10ರಷ್ಟು ತೆಳು, ಬಿಸಿಯಾದಾಗ 30ರಷ್ಟು ದಪ್ಪ. ನಿಮ್ಮದು 20ರಿಂದ ಶುರುವಾಗಿ 50ಕ್ಕೆ ಏರುತ್ತದೆ. ಬಿಸಿಯಲ್ಲಿ ದಪ್ಪವಾಗಿ ರಕ್ಷಣೆ ಕೊಡುತ್ತದೆ, ಒಳ್ಳೆಯದೇ.

ಪೀಣ್ಯ_ಲ್ಯಾಬ್ (14.30)

ತಣ್ಣಗಿರುವಾಗ ಒಂದು, ಬಿಸಿಯಾದಾಗ ಇನ್ನೊಂದು ಎನ್ನುವವರೆಗೆ ನೀವು ಹೇಳಿದ್ದು ಸರಿ. ಆದರೆ ಬಿಸಿಯಲ್ಲಿ ದಪ್ಪವಾಗುವ ಎಂಜಿನ್ ಆಯಿಲ್ ಇಲ್ಲ. ಕಾದಂತೆ ಎಲ್ಲ ಆಯಿಲ್ ತೆಳ್ಳಗಾಗುತ್ತದೆ. 10 ಮತ್ತು 30 ಒಂದೇ ಅಳತೆಪಟ್ಟಿಯ ಎರಡು ಗೆರೆಗಳಲ್ಲ, ಎರಡು ಬೇರೆ ಪರೀಕ್ಷೆಗಳ ಫಲಿತಾಂಶ.

ಕೊನೆಯ ಸಂಖ್ಯೆಯನ್ನು ಮುಖ್ಯವಾಗಿ 100 ಡಿಗ್ರಿಯಲ್ಲಿ ಅಳೆಯುತ್ತಾರೆ. ಅಲ್ಲಿ ಆಯಿಲ್‌ನ ಮಂದತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ ಬಂದರೆ 30 ಎಂಬ ಹೆಸರು, 16.3ರಿಂದ 21.9ರ ಒಳಗಾದರೆ 50 ಎಂಬ ಹೆಸರು. ಡಬ್ಲ್ಯು ಎಂದರೆ ಚಳಿಗಾಲ. ಅದರ ಪರೀಕ್ಷೆ ನಡೆಯುವುದು ಸೊನ್ನೆಗಿಂತ ಬಹಳ ಕೆಳಗೆ. 10W ಆಯಿಲ್ ಮೈನಸ್ 25 ಡಿಗ್ರಿಯಲ್ಲಿ ಎಂಜಿನ್ ತಿರುಗಲು ಬಿಡಬೇಕು, 20W ಮೈನಸ್ 15ರಲ್ಲಿ ಬಿಟ್ಟರೆ ಸಾಕು.

ರಾಜಾಜಿನಗರ_ರಿಪೇರಿ (14.50)

ಬೆಂಗಳೂರಿನಲ್ಲಿ ಮೈನಸ್ ಎಲ್ಲಿಂದ ಬರಬೇಕು? ಡಬ್ಲ್ಯು ಸಂಖ್ಯೆ ಹಿಮ ಬೀಳುವ ಊರಿನವರಿಗೆ. ಇಲ್ಲಿ ಕೊನೆಯ ಸಂಖ್ಯೆ ನೋಡಿದರೆ ಸಾಕು. ಟ್ಯಾಪೆಟ್ ನೋಡಿಸಿದಿರಾ?

ಪೀಣ್ಯ_ಲ್ಯಾಬ್ (16.05)

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಹಾಗಾಗಿ ಆ ಪರೀಕ್ಷೆಯ ಚಳಿ ಇಲ್ಲಿಗೆ ಬರುವುದಿಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಎಂಜಿನ್‌ನ ಲೆಕ್ಕದಲ್ಲಿ 15 ಡಿಗ್ರಿಯೂ ಚಳಿಯೇ, ಏಕೆಂದರೆ ಅದು ಕೆಲಸ ಮಾಡಬೇಕಾದದ್ದು 90, 100 ಡಿಗ್ರಿಯಲ್ಲಿ.

ಸಾಮಾನ್ಯ 10W-30 ಒಂದನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ 100 ಡಿಗ್ರಿಯಲ್ಲಿ ಸುಮಾರು 10.5 ಸೆಂಟಿಸ್ಟೋಕ್ಸ್, ಬೆಳಗಿನ 15 ಡಿಗ್ರಿಯಲ್ಲಿ ಸುಮಾರು 260. ಸಾಮಾನ್ಯ 20W-50 ಆದರೆ 100ರಲ್ಲಿ 18, ಬೆಳಿಗ್ಗೆ ಸುಮಾರು 740. ಬಿಸಿಯಲ್ಲಿ ಇವೆರಡರ ನಡುವೆ ಎರಡು ಪಟ್ಟು ಅಂತರವೂ ಇಲ್ಲ, ಬೆಳಗಿನ ತಂಪಿನಲ್ಲಿ ಮೂರು ಪಟ್ಟಿಗೆ ಹತ್ತಿರ. ನಿಮ್ಮ ಈಗಿನ ಆಯಿಲ್ ಸುಮಾರು 30 ಡಿಗ್ರಿಗೆ ಕಾದಾಗಷ್ಟೇ ಹಳೆಯ ಆಯಿಲ್ 15 ಡಿಗ್ರಿಯಲ್ಲಿ ಇದ್ದಷ್ಟು ತೆಳ್ಳಗಾಗುತ್ತದೆ.

ನ್ಯೂಟ್ರಲ್ ಸಿಗದಿರುವುದಕ್ಕೂ ಇದೇ ಕಾರಣ ಎಂದುಕೊಂಡಿದ್ದೇನೆ. ಕ್ಲಚ್ ಹಿಡಿದಾಗ ಪ್ಲೇಟುಗಳು ಬಿಡಿಸಿಕೊಳ್ಳಬೇಕು. ನಡುವೆ ಮಂದವಾದ ಆಯಿಲ್ ಇದ್ದರೆ ಒಂದು ಪ್ಲೇಟು ಇನ್ನೊಂದನ್ನು ಎಳೆದುಕೊಂಡೇ ತಿರುಗುತ್ತದೆ. ಗಾಡಿ ಜಿಗಿಯುವುದು ಅದಕ್ಕೇ. ಹಳೆಯ ಆಯಿಲ್ ಉಳಿದಿದ್ದರೆ ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಸಣ್ಣ ಗಾಜಿನ ಸೀಸೆಗಳಲ್ಲಿ ಎರಡೂ ಆಯಿಲ್ ತುಂಬಿ, ಮೇಲೆ ಬೆರಳಗಲ ಗಾಳಿ ಬಿಟ್ಟು ಮುಚ್ಚಿ. ತಲೆಕೆಳಗು ಮಾಡಿ ಗುಳ್ಳೆ ಮೇಲಕ್ಕೇರಲು ಎಷ್ಟು ಹೊತ್ತು ಬೇಕೆಂದು ಮೊಬೈಲ್‌ನಲ್ಲಿ ಎಣಿಸಿ.

ಬನಶಂಕರಿ_125 (16.40)

ಬಿಸಿಯಲ್ಲಿ ತೆಳ್ಳಗೇ ಆಗುವುದಾದರೆ 10W-30ಕ್ಕೂ ಬರೀ 30ಕ್ಕೂ ಏನು ವ್ಯತ್ಯಾಸ?

ಪೀಣ್ಯ_ಲ್ಯಾಬ್ (17.10)

ಎರಡೂ 100 ಡಿಗ್ರಿಯಲ್ಲಿ ಒಂದೇ ಮಟ್ಟಕ್ಕೆ ಬರುತ್ತವೆ, ಬರುವ ದಾರಿ ಬೇರೆ. ಬರೀ 30 ಬೆಳಿಗ್ಗೆ ಇನ್ನೂ ಮಂದವಾಗಿರುತ್ತದೆ. 10W-30 ಮಾಡುವಾಗ ಸಾಮಾನ್ಯವಾಗಿ ತೆಳು ಮೂಲತೈಲಕ್ಕೆ ಪಾಲಿಮರ್ ಬೆರೆಸುತ್ತಾರೆ. ಅದರ ಎಳೆಗಳು ತಂಪಿನಲ್ಲಿ ಉಂಡೆಯಾಗಿ ಸುಮ್ಮನಿರುತ್ತವೆ, ಬಿಸಿಯಲ್ಲಿ ಬಿಚ್ಚಿಕೊಂಡು ತೈಲ ತೀರಾ ನೀರಾಗದಂತೆ ಹಿಡಿಯುತ್ತವೆ. ತೆಳ್ಳಗಾಗುವುದು ನಿಲ್ಲುವುದಿಲ್ಲ, ವೇಗ ತಗ್ಗುತ್ತದೆ ಅಷ್ಟೆ. ಗೇರ್ ಹಲ್ಲುಗಳ ನಡುವೆ ಸಿಕ್ಕಿ ಆ ಎಳೆಗಳು ಕಾಲಕ್ರಮೇಣ ತುಂಡಾಗುತ್ತವೆ. ಬೈಕ್‌ನಲ್ಲಿ ಗೇರ್‌ಬಾಕ್ಸ್‌ಗೂ ಅದೇ ಆಯಿಲ್ ಆದ್ದರಿಂದ ಈ ಸವೆತ ಹೆಚ್ಚು.

ವೈಟ್‌ಫೀಲ್ಡ್_ಪಯಣಿಗ (18.00)

ಸಿಂಥೆಟಿಕ್‌ನಲ್ಲಿ ಈ ತೊಂದರೆಯೇ ಇಲ್ಲ. ಮಿನರಲ್ ಆಯಿಲ್ ಹಾಕುವುದೇ ತಪ್ಪು.

ರಾಜಾಜಿನಗರ_ರಿಪೇರಿ (18.10)

ಮಿನರಲ್‌ನಲ್ಲೇ ಲಕ್ಷ ಕಿಲೋಮೀಟರ್ ಓಡಿದ ಎಂಜಿನ್‌ಗಳನ್ನು ಬಿಚ್ಚಿದ್ದೇನೆ, ಬೋರ್ ಕನ್ನಡಿಯಂತಿತ್ತು. ಹಣ ಇದ್ದವರ ಮಾತು ಬೇರೆ.

ವೈಟ್‌ಫೀಲ್ಡ್_ಪಯಣಿಗ (18.25)

ಹಣದ ಮಾತಲ್ಲ ಅಣ್ಣ, ಒಮ್ಮೆ ಹಾಕಿದರೆ ಹೆಚ್ಚು ದಿನ ಬರುತ್ತದೆ.

ಯಲಹಂಕ_ಸವಾರ (ಬುಧವಾರ, 21.15)

ಸೀಸೆಯ ಪರೀಕ್ಷೆ ಮಾಡಿದೆ. ಹಳೆಯ ಡಬ್ಬಿಯ ತಳದಲ್ಲಿ 10W-30 ಸ್ವಲ್ಪ ಉಳಿದಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ನೋಡಿದಾಗ ಅದರ ಗುಳ್ಳೆ ಎರಡು ಸೆಕೆಂಡಿನಲ್ಲಿ ಏರಿತು, 20W-50ಯದು ಐದಕ್ಕೆ. ರಾತ್ರಿ ಎರಡನ್ನೂ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ತೆಗೆದೆ. ಹಳೆಯದು ಐದು ಸೆಕೆಂಡು, ಹೊಸದು ಹದಿನಾರು. ಗುಳ್ಳೆ ಅಲ್ಲಾಡದೆ ಸೀಸೆಯ ತಳದಲ್ಲಿ ನಿಂತಂತೆ ಕಂಡಿತು, ಆಮೇಲೆ ಜೇನುತುಪ್ಪದಲ್ಲಿ ಏರಿದಂತೆ ಮೆಲ್ಲಗೆ ಏರಿತು. ಕುದಿಯುವ ಮೊದಲು ಇಳಿಸಿದ ನೀರಿನಲ್ಲಿ ಹತ್ತು ನಿಮಿಷ ಇಟ್ಟೆ. ಎರಡೂ ಗುಳ್ಳೆಗಳು ಚಿಮ್ಮಿಬಿಟ್ಟವು, ಎಣಿಸಲು ಆಗಲಿಲ್ಲ. 50 ಎಂದು ಬರೆದದ್ದೂ ನೀರಿನಂತಾಗುತ್ತದೆ ಎಂದು ಕಣ್ಣಾರೆ ನೋಡಿದೆ.

ಹಾಗಾದರೆ ಬೇಸಿಗೆಗೆ ಏನು ಮಾಡಲಿ? ಎರಡನ್ನೂ ಅರ್ಧರ್ಧ ಬೆರೆಸಲೇ?

ಪೀಣ್ಯ_ಲ್ಯಾಬ್ (22.00)

ಬೆರೆಸಿದರೆ ಎಂಜಿನ್ ಕೆಡುವುದಿಲ್ಲ, ಆದರೆ ಕೈಗೆ ಬರುವುದು ಯಾವ ಗ್ರೇಡ್ ಎಂದು ಡಬ್ಬಿ ನೋಡಿ ಹೇಳಲು ಆಗುವುದಿಲ್ಲ. ಬೇಸಿಗೆಗೆ ದಪ್ಪ ಬೇಕೆಂಬ ನಿಮ್ಮ ಯೋಚನೆಯಲ್ಲಿ ಅರ್ಥವಿದೆ. 20W-50 ಆಯಿಲ್ 120 ಡಿಗ್ರಿಗೆ ಕಾದರೂ 10W-30 ಸುಮಾರು 100ರಲ್ಲಿ ಇರುವಷ್ಟು ಮಂದವಾಗಿಯೇ ಇರುತ್ತದೆ. ಗಾಳಿ ಆಡದ ಸಂಚಾರದಲ್ಲಿ ಅಷ್ಟು ಅವಕಾಶ ಸಿಗುತ್ತದೆ. ಆದರೆ ನಿಮ್ಮ ಎಂಜಿನ್‌ನ ಬೇರಿಂಗ್ ಸಂದು, ಪಂಪು ಎಲ್ಲವನ್ನೂ 30ಕ್ಕೆ ಹೊಂದಿಸಿದ್ದಾರೆ. ಕೈಪಿಡಿಯಲ್ಲಿ ಬೇಸಿಗೆಗೆ ಬೇರೆ ಗ್ರೇಡ್ ಅನುಮತಿಸಿದ ಪಟ್ಟಿ ಇದ್ದರೆ ಮಾತ್ರ ಬದಲಿಸಿ.

ಏಪ್ರಿಲ್‌ನಲ್ಲಿ ಸದ್ದು ಬಂದಾಗ ಆಯಿಲ್ ಎಷ್ಟು ಕಿ.ಮೀ. ಓಡಿತ್ತು? ಕಡ್ಡಿಯಲ್ಲಿ ಮಟ್ಟ ನೋಡಿದ್ದಿರಾ?

ಯಲಹಂಕ_ಸವಾರ (22.20)

6,500 ಆಗಿತ್ತು. ಮಟ್ಟ ನೋಡಿರಲಿಲ್ಲ. ಬದಲಿಸುವಾಗ ಹೊರಬಂದದ್ದು ಅರ್ಧ ಲೀಟರ್‌ಗಿಂತ ಸ್ವಲ್ಪ ಹೆಚ್ಚು, ಹಾಕಬೇಕಾದದ್ದು ಸುಮಾರು ಒಂದು ಲೀಟರ್.

ಪೀಣ್ಯ_ಲ್ಯಾಬ್ (22.35)

ಹಾಗಿದ್ದರೆ ಏಪ್ರಿಲ್‌ನ ಸದ್ದಿಗೆ ಗ್ರೇಡ್ ಕಾರಣ ಎನ್ನಲು ಆಧಾರವಿಲ್ಲ. ಕಡಿಮೆ ಆಯಿಲ್ ಬೇಗ ಕಾಯುತ್ತದೆ, ಎಳೆ ತುಂಡಾದ ಹಳೆಯ ಆಯಿಲ್ ಮೊದಲೇ ತೆಳ್ಳಗಾಗಿರುತ್ತದೆ. ಎರಡರಲ್ಲಿ ಯಾವುದು ಎಂದು ಈಗ ಹೇಳುವುದು ಕಷ್ಟ.

ರಾಜಾಜಿನಗರ_ರಿಪೇರಿ (22.50)

ಮೂರನೆಯದೂ ಇರಬಹುದು, ಟ್ಯಾಪೆಟ್.

ಯಲಹಂಕ_ಸವಾರ (ಮುಂದಿನ ಸೋಮವಾರ, 8.05)

ಭಾನುವಾರ 10W-30 ಜಾಸೋ ಎಂಎ2 ಹಾಕಿದೆ. ಎಂಜಿನ್ ಕೊಂಚ ಬಿಸಿ ಮಾಡಿ ಹಳೆಯದನ್ನು ಇಳಿಸಿ, ಕಡ್ಡಿಯ ಮೇಲಿನ ಗೆರೆಗೆ ತುಸು ಕೆಳಗೆ ನಿಲ್ಲಿಸಿದೆ. ಇಂದು ಬೆಳಿಗ್ಗೆ 16 ಡಿಗ್ರಿ ಇತ್ತು. ಸೆಲ್ಫ್ ಒಂದೇ ಸಲಕ್ಕೆ ಹತ್ತಿತು, ಗೇರ್ ಜಿಗಿಯಲಿಲ್ಲ, ಮೊದಲ ಸಿಗ್ನಲ್‌ನಲ್ಲೇ ನ್ಯೂಟ್ರಲ್ ಸಿಕ್ಕಿತು. ಟಿಕ್ ಟಿಕ್ ಮಾತ್ರ ಪೂರ್ತಿ ಹೋಗಿಲ್ಲ, ಮೊದಲಿಗಿಂತ ಮೆಲ್ಲಗೆ ಹೆಬ್ಬಾಳದವರೆಗೂ ಕೇಳಿಸುತ್ತಿತ್ತು.

ಪೀಣ್ಯ_ಲ್ಯಾಬ್ (9.10)

ಆಯಿಲ್ ತಲುಪುವುದು ತಡವಾಗಿ ಬರುವ ಸದ್ದು ಕೆಲವು ಸೆಕೆಂಡುಗಳಲ್ಲಿ ನಿಲ್ಲಬೇಕು. ಹೆಬ್ಬಾಳದವರೆಗೆ ಬಂದರೆ ಅದು ಬೇರೆ. ಟ್ಯಾಪೆಟ್ ವಿಷಯದಲ್ಲಿ ರಾಜಾಜಿನಗರದವರ ಮಾತು ಕೇಳಿ.

ರಾಜಾಜಿನಗರ_ರಿಪೇರಿ (9.20)

ಶನಿವಾರ ರಾತ್ರಿಯೇ ಗಾಡಿ ತಂದು ಅಂಗಡಿಯಲ್ಲಿ ಬಿಡಿ. ಬೆಳಿಗ್ಗೆ ತಣ್ಣಗಿರುವಾಗಲೇ ನೋಡುತ್ತೇನೆ.