ಸಹಾಯ ಬೇಕು: ನಿನ್ನೆಯ ಲೆಕ್ಕ ನಾಳೆ ಬದಲಾಗುತ್ತದೆ, ಗ್ರಾಫ್‌ನಲ್ಲಿ ಹೇಗೆ ತೋರಿಸೋದು?

ನಮಸ್ಕಾರ, ನಾನು ಉಡುಪಿಯವನು. ಕರಾವಳಿ ಅಡುಗೆಯ ಸಣ್ಣ ಬ್ಲಾಗ್ ಉಂಟು. ದಿನಾ ಬೆಳಿಗ್ಗೆ 6ಕ್ಕೆ ಒಂದು ಸ್ಕ್ರಿಪ್ಟ್ GA4ನಿಂದ ನಿನ್ನೆಯ ಸೆಷನ್ ಲೆಕ್ಕ ತೆಗೆದು ಶೀಟ್‌ಗೆ ಹೊಸ ಸಾಲಾಗಿ ಸೇರಿಸುತ್ತಿತ್ತು.

ಪತ್ರೊಡೆ ಪೋಸ್ಟ್ ಹಾಕಿದ ಭಾನುವಾರಕ್ಕೆ ಸೋಮವಾರ ಬಂದದ್ದು 212. ಮಂಗಳವಾರ ನೋಡಿದರೆ ಅದೇ ಭಾನುವಾರ 287, ಬುಧವಾರ 291. ಅಲ್ಲಿಗೆ ನಿಂತಿತು. ಶೀಟ್‌ನಲ್ಲಿ ಮಾತ್ರ 212 ಹಾಗೇ ಕೂತಿದೆ ಮಾರಾಯ್ರೆ!

ಮೊದಲು ಸ್ಯಾಂಪ್ಲಿಂಗ್ ಅಂದುಕೊಂಡೆ. API ಉತ್ತರದಲ್ಲಿ `samplingMetadatas` ಇಲ್ಲವೇ ಇಲ್ಲ. ಇಷ್ಟು ಸಣ್ಣ ಬ್ಲಾಗಿಗೆ ಅದು ಬರುವುದೂ ಕಷ್ಟ ಅಲ್ವಾ. ಹಾಗಾದರೆ ತಡವೇ ಕಾರಣ, ಡೇಟಾ ಪೂರ್ತಿಯಾಗಲು 24ರಿಂದ 48 ಗಂಟೆ ಬೇಕು. ಟ್ರಿಗರ್ ಸಂಜೆಗೆ ಹಾಕಿದೆ. ವ್ಯತ್ಯಾಸ ಕಡಿಮೆಯಾಯಿತು, ಹೋಗಲಿಲ್ಲ. ಆಮೇಲೆ `3daysAgo`ಯಿಂದ `yesterday`ವರೆಗೆ ತರಿಸಿದೆ. ಒಂದೇ ದಿನಾಂಕ ಮೂರು ಸಲ ಕೂತು ಒಟ್ಟು ಮೊತ್ತ ಉಬ್ಬಿತು. ಈಗ ದಿನಾಂಕ ಹುಡುಕಿ ಹಳೇ ಸಾಲಿನ ಮೇಲೇ ಬರೆಯುತ್ತಿದ್ದೇನೆ. ಅಷ್ಟು ಸರಿಯಾಗಿದೆ.

ಸಿಕ್ಕಿಬಿದ್ದದ್ದು ಇಲ್ಲಿ: ಗ್ರಾಫಿನ ಕೊನೆ ಯಾವಾಗಲೂ ಕೆಳಗೆ ಜಾರಿದ ಹಾಗೆ ಕಾಣುತ್ತದೆ. ಜೊತೆಗೆ ಬರೆಯುವ ತಂಗಿ ದಿನಾ "ಅಣ್ಣಾ, ಓದುವವರು ಕಮ್ಮಿಯಾದ್ರಾ?" ಅಂತ ಕೇಳುತ್ತಾಳೆ. ಕೊನೆಯ ಎರಡು ದಿನ ಗ್ರಾಫಿನಿಂದ ಬಿಟ್ಟೇ ಬಿಡಬೇಕಾ, ಇಲ್ಲ ಚುಕ್ಕಿ ಗೆರೆಯಲ್ಲಿ "ತಾತ್ಕಾಲಿಕ" ಅಂತ ತೋರಿಸಬೇಕಾ? ಹಿಂದಿನ 3 ದಿನ ತಿದ್ದಿದರೆ ಸಾಕಾ, ಇನ್ನೂ ಜಾಸ್ತಿ ಬೇಕಾ?