ಅಪ್‌ಡೇಟ್: ರಾಗಿ ಬಿಸ್ಕತ್ತು ನಿಲ್ಲಿಸುವ ಮೆಮೊ ಬೋರ್ಡ್ ಮುಂದೆ ಹೋಯಿತು

ನಾನು ಕೇಳಿದ್ದು: ನಮ್ಮ ಮಸಾಲೆ ಕಂಪನಿಯ ರಾಗಿ ಬಿಸ್ಕತ್ತು ತಿಂಗಳಿಗೆ 1.7 ಲಕ್ಷ ನಷ್ಟ ತೋರಿಸುತ್ತಿದೆ. ನಿಲ್ಲಿಸಿ ಅಂತ ಬೋರ್ಡ್‌ಗೆ ಬರೆಯಲು ಇಷ್ಟು ಸಾಕಾ?

ಸಾಕಾಗಲಿಲ್ಲ. ಆ ನಷ್ಟದಲ್ಲಿ 1.2 ಲಕ್ಷ, ಕಟ್ಟಡದ ಬಾಡಿಗೆ ಮತ್ತು ಆಫೀಸ್ ಖರ್ಚಿನ ಪಾಲು. ಬಿಸ್ಕತ್ತು ನಿಂತರೂ ಅದು ಉಳಿತಾಯವಾಗುವುದಿಲ್ಲ, ಮಸಾಲೆಯ ತಲೆಗೆ ಬರುತ್ತದೆ ಅಷ್ಟೇ.

ಹಾಗಾಗಿ ಕಾಂಟ್ರಿಬ್ಯೂಷನ್‌ನಿಂದ, ಅಂದರೆ ಪ್ಯಾಕೆಟ್‌ನ ಸ್ವಂತ ಖರ್ಚು ಕಳೆದು ಉಳಿಯುವ ಹಣದಿಂದ, ಶುರು ಮಾಡಿದೆ. ಪ್ಯಾಕೆಟ್‌ಗೆ ನಮ್ಮ ಕೈಸೇರುವುದು 30 ರೂಪಾಯಿ. ಸಾಮಾನು, ಪ್ಯಾಕಿಂಗ್, ಸಾಗಣೆ ಸೇರಿ 26. ಉಳಿಯುವುದು 4, ಅಂದರೆ ತಿಂಗಳ 20,000 ಪ್ಯಾಕೆಟ್‌ಗೆ 80,000. ಇದನ್ನು ನೋಡಿ ನಾನೇ ಗಾಬರಿಯಾದೆ, ಲೈನ್ ಚೆನ್ನಾಗಿದೆ ಅಲ್ವಾ ಅಂತ! ಆಮೇಲೆ ನೋಡಿದರೆ ಅವಧಿ ಮುಗಿದು ವಾಪಸ್ ಬರುವ ಮಾಲು ಮಾರ್ಕೆಟಿಂಗ್ ಖರ್ಚಿನಲ್ಲಿ ಅಡಗಿತ್ತು. ತಿಂಗಳಿಗೆ 2,000 ಪ್ಯಾಕೆಟ್, 60,000 ರೂಪಾಯಿ ಕ್ರೆಡಿಟ್ ನೋಟ್. ಕೊನೆಗೆ ಉಳಿದದ್ದು 20,000. ಓವನ್ ಬಾಡಿಗೆ ಮತ್ತು ಸೂಪರ್‌ವೈಸರ್ ಸಂಬಳ 70,000, ಸ್ಥಿರ ಖರ್ಚಿನಲ್ಲಿ ಇವು ಮಾತ್ರ ನಿಜವಾಗಿ ತಪ್ಪುತ್ತವೆ. ಕೈತಪ್ಪುವ ಆ 20,000 ಕಳೆದರೆ, ನಿಲ್ಲಿಸುವುದರಿಂದ ತಿಂಗಳಿಗೆ ಉಳಿತಾಯ 50,000. 1.7 ಲಕ್ಷ ಅಲ್ಲ.

ಡಿಸಿಷನ್ ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಪ್ರತಿ ಮಾನದಂಡಕ್ಕೂ ಇಷ್ಟು ತೂಕ ಅಂತ ಇಟ್ಟು ಅಂಕ ಕೊಡುವ ಪಟ್ಟಿಯಲ್ಲಿ, ಮೂರು ದಾರಿ ಇಟ್ಟಿದ್ದೆ: ನಿಲ್ಲಿಸುವುದು, ಬೆಲೆ ಏರಿಸುವುದು, ಹೊರಗೆ ಮಾಡಿಸುವುದು. ಒಬ್ಬ ಡೈರೆಕ್ಟರ್, "ತೂಕ ನೀವೇ ಕೊಟ್ಟಿದ್ದಲ್ವಾ?" ಎಂದರು. ನಗದಿನ ತೂಕವನ್ನು 40ರಿಂದ 25ಕ್ಕೆ ಇಳಿಸಿ ಅಲ್ಲೇ ತೋರಿಸಿದೆ. ಹೊರಗೆ ಮಾಡಿಸುವ ದಾರಿ ಹತ್ತಿರ ಬಂತು, ಆದರೆ ಮೇಲೇರಲಿಲ್ಲ. ವಾಪಸ್ ಮಾಲಿನ ಹೊರೆ ಅಲ್ಲೂ ನಮ್ಮದೇ.

ಒಪ್ಪಿಗೆ ಸಿಕ್ಕಿತು, ಆದರೆ ಮೂರು ತಿಂಗಳ ಗಡುವಿನೊಂದಿಗೆ. ಅಚ್ಚಾದ ಕವರ್ ಖಾಲಿಯಾಗಬೇಕು. ಬಿಸ್ಕತ್ತು ತಗೊಳ್ಳುವ ಅಂಗಡಿಗಳು ಮಸಾಲೆ ಆರ್ಡರ್ ಕಡಿಮೆ ಮಾಡುತ್ತವಾ ಅಂತ ಪ್ರತಿ ವಾರ ವರದಿ ಕೊಡಬೇಕು.