ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದೆ, ಒಂದು ಗಂಟೆ ಬಿಟ್ಟು ನೋಡಿದರೆ ಕ್ಲೋರಿನ್ನೇ ಇಲ್ಲ

ಮಡಗಾಂವ್‌ವಾಸಿ: ನಮ್ಮ ಬಾಡಿಗೆ ಮನೆ ಹಿಂದೆ ಕೆಂಪುಕಲ್ಲಿನ ಬಾವಿ ಇದೆ. ಅಡ್ಡಗಲ 2 ಮೀಟರ್, ನೀರು 4 ಮೀಟರ್. ಮಳೆ ಶುರುವಾದ ಮೇಲೆ ನೀರು ಸ್ವಲ್ಪ ಮಬ್ಬಾಗಿದೆ. ನಿನ್ನೆ 30 ಗ್ರಾಂ ಪುಡಿ ಕಲಸಿ ಸುರಿದೆ. ಒಂದು ಗಂಟೆ ಬಿಟ್ಟು ಕ್ಲೋರಿನ್ ನೋಡೋ ಕಿಟ್‌ನಲ್ಲಿ ನೋಡಿದರೆ ಬಣ್ಣವೇ ಬರಲಿಲ್ಲ, ಐದು ನಿಮಿಷ ಬಿಟ್ಟು ಚೂರು ಹಳದಿ ಕಾಣಿಸಿತು. ಲೆಕ್ಕ ತಪ್ಪಾ?

ವಾಸ್ಕೋ ಬಸಣ್ಣ: 30 ಗ್ರಾಂ ಏನ್ ಸಾಕಾಗ್ತದ್ರೀ? ಒಂದು ಕೆಜಿ ಹಾಕಿ ಒಂದು ದಿನ ಮುಟ್ಟಬೇಡಿ. ನಮ್ಮ ಚಾಳಿನ ಬಾವಿಗೆ ಹಂಗೇ ಮಾಡಿದ್ವಿ.

ಹಳೇ ಲ್ಯಾಬ್‌ನವನು: ಬಸಣ್ಣಾ, ಅದು ಹೊಳೆ ನೀರೋ ಗಟಾರದ ನೀರೋ ನುಗ್ಗಿದ ಬಾವಿಗೆ ಮಾಡೋ ಕೆಲಸ, ಆಮೇಲೆ ಆ ನೀರನ್ನೆಲ್ಲ ಎತ್ತಿ ಚೆಲ್ಲಬೇಕು, ಕುಡಿಯೋ ಹಾಗಿಲ್ಲ. ಇವರ ಲೆಕ್ಕ ಸರಿ ಇದೆ. ಬಾವಿಯಲ್ಲಿ ಸುಮಾರು 12,500 ಲೀಟರ್ ನೀರಿದೆ, ಸಾವಿರ ಲೀಟರಿಗೆ 2.5 ಗ್ರಾಂ ಅಂದರೆ 31 ಗ್ರಾಂ. ಆದರೆ ಅದು ತಿಳಿನೀರಿಗೆ, ತಾಜಾ ಪುಡಿಗೆ. ಪುಡಿ ಎಷ್ಟು ಹಳೆಯದು? ಹೇಗೆ ಸುರಿದಿರಿ?

ಮಡಗಾಂವ್‌ವಾಸಿ: ಹೋದ ವರ್ಷದ್ದು, ಪ್ಲಾಸ್ಟಿಕ್ ಚೀಲ ಬಾಯಿ ಬಿಟ್ಟೇ ಇತ್ತು, ಗಂಟುಗಂಟಾಗಿದೆ. ಬಕೆಟ್‌ನಲ್ಲಿ ಕಲಸಿ ಎಲ್ಲಾ ಸುರಿದೆ, ತಳದ ಬಿಳಿ ಗಸಿ ಸಮೇತ.

ಹಳೇ ಲ್ಯಾಬ್‌ನವನು: ಗಂಟು ಕಟ್ಟಿದ ಪುಡಿಯಲ್ಲಿ ಸುಣ್ಣವೇ ಜಾಸ್ತಿ, ಕ್ಲೋರಿನ್ ಹಾರಿಹೋಗಿರುತ್ತದೆ. ಹೊಸ ಪ್ಯಾಕೆಟ್ ತನ್ನಿ. ಮೊದಲು ಸ್ವಲ್ಪ ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಕೆಟ್ ಮುಕ್ಕಾಲು ತುಂಬಿಸಿ ಹತ್ತು ನಿಮಿಷ ಸುಮ್ನೆ ಬಿಡಿ. ಮೇಲಿನ ತಿಳಿಯನ್ನು ಬೇರೆ ಬಕೆಟ್‌ಗೆ ಬಗ್ಗಿಸಿಕೊಂಡು ಗಸಿ ಚೆಲ್ಲಿ, ಅದು ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ತಿಳಿಯ ಬಕೆಟ್ಟನ್ನು ಹಗ್ಗದಲ್ಲಿ ನೀರೊಳಗೆ ಇಳಿಸಿ ಮೇಲೆ ಕೆಳಗೆ ಜಗ್ಗಾಡಿಸಿ. ಮೇಲೇ ಸುರಿದರೆ ತಳದ ನೀರಿಗೆ ಮುಟ್ಟೋದೇ ಇಲ್ಲ. ರಾತ್ರಿ ಎಲ್ಲರೂ ನೀರು ಸೇದಿದ ಮೇಲೆ ಮಾಡಿ. ಒಂದು ಗಂಟೆ ಕನಿಷ್ಠ, ಬೆಳಗಿನ ತನಕ ಬಿಟ್ಟರೆ ಇನ್ನೂ ಒಳ್ಳೇದು.

ಪುಣೆ ಆಂಟಿ: ನಮ್ಮ ಸೊಸೈಟಿ ಟೆರೇಸ್ ಟ್ಯಾಂಕಿಗೂ ಇದೇ ಲೆಕ್ಕಾನಾ? ಟ್ಯಾಂಕರ್ ನೀರು.

ಹಳೇ ಲ್ಯಾಬ್‌ನವನು: ಆಂಟಿ, ಟ್ಯಾಂಕರ್ ನೀರಿನಲ್ಲಿ ಮೊದಲೇ ಕ್ಲೋರಿನ್ ಇರಬಹುದು. ಕಿಟ್‌ನಲ್ಲಿ ನೋಡದೆ ಹಾಕಬೇಡಿ.

ಮಡಗಾಂವ್‌ವಾಸಿ: ಸರ್, ಹೊಸ ಪುಡಿ ಹಾಕಿದೆ. ಗಂಟೆ ಬಿಟ್ಟು ನೋಡಿದೆ, ತಕ್ಷಣ ಬಂದ ಹಳದಿ 0.2ರ ಗೆರೆಗೆ ಬಂತು. ಐದು ನಿಮಿಷಕ್ಕೆ ಜಾಸ್ತಿ ಆಯಿತು.

ಹಳೇ ಲ್ಯಾಬ್‌ನವನು: ಹತ್ತು ಸೆಕೆಂಡಿನೊಳಗೆ ಬಂದ ಬಣ್ಣವೇ ಲೆಕ್ಕ, ಅದು 0.5 ಬರಬೇಕು, ಅಂದರೆ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್. ತಡವಾಗಿ ಬರೋದು ಕೊಳಕಿಗೆ ಅಂಟಿಕೊಂಡು ಕೂತ ಕ್ಲೋರಿನ್, ಅದರಲ್ಲಿ ಜೋರಿಲ್ಲ. ಇನ್ನೊಂದು 30 ಗ್ರಾಂ ಹಾಕಿ, ಮತ್ತೆ ಗಂಟೆ ಕಾದು ನೋಡಿ. ಬಾವಿಯಿಂದ ಶೌಚದ ಗುಂಡಿ ಎಷ್ಟು ದೂರ?

ಮಡಗಾಂವ್‌ವಾಸಿ: ಪಕ್ಕದವರದ್ದು ಎಂಟು ಹೆಜ್ಜೆ, ಗೋಡೆಯಾಚೆ.

ಹಳೇ ಲ್ಯಾಬ್‌ನವನು: ಅಲ್ಲೇ ಅನುಮಾನ. ನಿಮ್ಮ ಕೆಂಪುಕಲ್ಲಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ಇವತ್ತು 0.5 ಬಂದರೂ ನಾಡಿದ್ದಿಗೆ ಹೊಸ ನೀರು ಜಿನುಗಿ ಸೊನ್ನೆ ಆಗಬಹುದು. ಮಳೆಗಾಲ ಮುಗಿಯೋವರೆಗೆ ಕುದಿಸಿಯೇ ಕುಡಿಯಿರಿ.

ವಾಸ್ಕೋ ಬಸಣ್ಣ: ಹಂಗಾದ್ರ ನಮ್ಮ ಬಾವಿನೂ ಕಿಟ್ ಹಾಕಿ ನೋಡಬೇಕಾತು. ಕೆಜಿ ಹಾಕಿ ಒಂದು ದಿನ ಬಿಟ್ಟು ಎಲ್ಲರೂ ಕುಡದ್ವಿ, ಬಾಯಿ ಉರೀತಿತ್ತು ನಿಜ.